ಫಸ್ಟ್ ಫಿಟ್, ಬೆಸ್ಟ್ ಫಿಟ್, ವರ್ಸ್ಟ್ ಫಿಟ್: ಜಾಗ ಇದ್ದೂ ಜಾಗ ಸಿಗದಿರುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಮೆಮೊರಿಯಲ್ಲಿ 395 ಕೆಬಿ ಖಾಲಿ ಇದೆ. ಒಂದು ಪ್ರೊಸೆಸ್ ಬಂದು 210 ಕೆಬಿ ಕೇಳುತ್ತದೆ. ಸಿಸ್ಟಮ್ ಇಲ್ಲ ಅನ್ನುತ್ತದೆ. ಲೆಕ್ಕ ತಪ್ಪಿಲ್ಲ, ಪ್ರೋಗ್ರಾಮ್‌ನಲ್ಲಿ ದೋಷವೂ ಇಲ್ಲ. ಹೀಗೇಕೆ ಆಗುತ್ತದೆ ಅನ್ನುವುದನ್ನು ಒಂದೇ ಪಟ್ಟಿಯನ್ನು ಕೊನೆತನಕ ಹಿಡಿದುಕೊಂಡು ನೋಡೋಣ. ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇದ್ದರೆ ಒಳ್ಳೆಯದು. ಈ ವಿಷಯ ಕೈಯಲ್ಲಿ ಬರೆದು ನೋಡಿದಷ್ಟು ಚೆನ್ನಾಗಿ ಓದಿ ಅರ್ಥವಾಗುವುದಿಲ್ಲ.

ಹೋಲ್ ಅಂದರೆ ಏನು? ಅದು ಎಲ್ಲಿಂದ ಬರುತ್ತದೆ?

ಪ್ರತಿ ಪ್ರೊಸೆಸ್‌ಗೆ ತುಂಡಾಗದ ಒಂದೇ ಜಾಗ ಕೊಡುವ ಪದ್ಧತಿಯನ್ನು ನೆನಪಿಸಿಕೊಳ್ಳಿ. ಶುರುವಿನಲ್ಲಿ ಮೆಮೊರಿ ಒಂದೇ ಉದ್ದನೆಯ ಖಾಲಿ ಪಟ್ಟಿ. ಪ್ರೊಸೆಸ್‌ಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಆಮೇಲೆ ಕೆಲವು ಮುಗಿದು ಎದ್ದು ಹೋಗುತ್ತವೆ, ಆದರೆ ಬಂದ ಕ್ರಮದಲ್ಲಿ ಅಲ್ಲ. ನಡುವಿನದು ಎದ್ದು ಹೋದರೆ ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ, ಅದರ ಎರಡೂ ಬದಿಗೆ ಇನ್ನೂ ಓಡುತ್ತಿರುವ ಪ್ರೊಸೆಸ್‌ಗಳಿರುತ್ತವೆ. ಆ ಖಾಲಿ ಜಾಗವೇ ಹೋಲ್.

ನಮ್ಮ ಪಟ್ಟಿಯಲ್ಲಿ ಐದು ಹೋಲ್‌ಗಳಿವೆ. ಮೆಮೊರಿಯಲ್ಲಿ ಇರುವ ಕ್ರಮದಲ್ಲೇ, ಕೆಬಿ ಲೆಕ್ಕದಲ್ಲಿ ಬರೆದಿದ್ದೇನೆ. ಪ್ರತಿ ಎರಡು ಹೋಲ್‌ಗಳ ನಡುವೆ ಯಾವುದೋ ಹಳೆಯ ಪ್ರೊಸೆಸ್ ಕೂತಿದೆ ಅಂದುಕೊಳ್ಳಿ.

```
ಹೋಲ್:    1     2     3     4     5
ಗಾತ್ರ:   90   220    60   300   130     ಒಟ್ಟು 800
```

ಈಗ ನಾಲ್ಕು ಬೇಡಿಕೆಗಳು ಈ ಕ್ರಮದಲ್ಲಿ ಬರುತ್ತವೆ: 120, 200, 85, 210. ಕೂಡಿದರೆ 615. ಇರುವುದು 800. ಮೇಲ್ನೋಟಕ್ಕೆ ಧಾರಾಳವಾಗಿ ಸಾಕು, ಅಲ್ವಾ?

ಮೂರು ವಿಧಾನಗಳ ನಿಯಮ ಏನು?

ಫಸ್ಟ್ ಫಿಟ್ ಪಟ್ಟಿಯನ್ನು ಮೊದಲಿನಿಂದ ನೋಡುತ್ತಾ ಹೋಗಿ, ಸಾಕಾಗುವ ಮೊದಲ ಹೋಲ್‌ನಲ್ಲೇ ನಿಲ್ಲುತ್ತದೆ. ಬೆಸ್ಟ್ ಫಿಟ್ ಸಾಕಾಗುವ ಹೋಲ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸುತ್ತದೆ. ವರ್ಸ್ಟ್ ಫಿಟ್ ಎಲ್ಲಕ್ಕಿಂತ ದೊಡ್ಡದನ್ನು ಆರಿಸುತ್ತದೆ. ಮೂರರಲ್ಲೂ ಕೊಟ್ಟು ಉಳಿದ ಚೂರು ಹೊಸ, ಚಿಕ್ಕ ಹೋಲ್ ಆಗಿ ಪಟ್ಟಿಯಲ್ಲಿ ಉಳಿಯುತ್ತದೆ. ವ್ಯತ್ಯಾಸವೆಲ್ಲ ಆಯ್ಕೆಯ ಒಂದು ಸಾಲಿನಲ್ಲಿದೆ:

```python
def pick(holes, need, how):
    fit = [i for i, h in enumerate(holes) if h >= need]
    if not fit:
        return None
    if how == "first":
        return fit[0]
    if how == "best":
        return min(fit, key=lambda i: holes[i])
    return max(fit, key=lambda i: holes[i])
```

ಫಸ್ಟ್ ಫಿಟ್‌ನಲ್ಲಿ ನಮ್ಮ ಪಟ್ಟಿ ಏನಾಗುತ್ತದೆ?

120 ಕೇಳಿದಾಗ ಮೊದಲ ಹೋಲ್ 90, ಸಾಲದು. ಎರಡನೆಯದು 220, ಸಾಕು. ಅಲ್ಲೇ ಕೊಡುತ್ತದೆ, 100 ಉಳಿಯುತ್ತದೆ. ಕೊನೆಯಲ್ಲಿ 130ರ ಹೋಲ್ ಹೆಚ್ಚು ಸರಿಹೋಗುತ್ತಿತ್ತು. ಆದರೆ ಫಸ್ಟ್ ಫಿಟ್ ಅಲ್ಲಿಯತನಕ ಹೋಗುವುದೇ ಇಲ್ಲ.

```
ಶುರು          90   220    60   300   130
120 ಕೊಟ್ಟ ಮೇಲೆ   90   100    60   300   130
200 ಕೊಟ್ಟ ಮೇಲೆ   90   100    60   100   130
85 ಕೊಟ್ಟ ಮೇಲೆ     5   100    60   100   130     ಒಟ್ಟು 395
210           ಜಾಗ ಇಲ್ಲ
```

ಶುರುವಿನಲ್ಲಿ ಹೇಳಿದ 395 ಇದೇ. ಖಾಲಿ ಜಾಗ 395, ಬೇಡಿಕೆ 210, ಆದರೆ ಇರುವುದರಲ್ಲಿ ದೊಡ್ಡ ಹೋಲ್ 130 ಮಾತ್ರ.

ಬೆಸ್ಟ್ ಫಿಟ್‌ನಲ್ಲಿ?

ಇದು ಪ್ರತಿ ಸಲ ಇಡೀ ಪಟ್ಟಿ ನೋಡುತ್ತದೆ. 120ಕ್ಕೆ 220, 300, 130 ಮೂರೂ ಸಾಕು. ಚಿಕ್ಕದು 130, ಆದ್ದರಿಂದ ಐದನೆಯ ಹೋಲ್.

```
ಶುರು          90   220    60   300   130
120 ಕೊಟ್ಟ ಮೇಲೆ   90   220    60   300    10
200 ಕೊಟ್ಟ ಮೇಲೆ   90    20    60   300    10
85 ಕೊಟ್ಟ ಮೇಲೆ     5    20    60   300    10     ಒಟ್ಟು 395
210 ಕೊಟ್ಟ ಮೇಲೆ    5    20    60    90    10     ಒಟ್ಟು 185
```

ಮೂರನೆಯ ಬೇಡಿಕೆ ಮುಗಿದಾಗ ಇಲ್ಲೂ ಉಳಿದದ್ದು ಅದೇ 395. ಫಸ್ಟ್ ಫಿಟ್‌ಗಿಂತ ಒಂದು ಕೆಬಿಯೂ ಜಾಸ್ತಿ ಇಲ್ಲ. ಆದರೆ 300ರ ಹೋಲ್ ಮುಟ್ಟದೆ ಉಳಿದಿತ್ತು, ಹಾಗಾಗಿ 210 ಕೂತಿತು. ಇದೇ ಇಡೀ ವಿಷಯದ ಗಂಟು. ಎಷ್ಟು ಉಳಿದಿದೆ ಅನ್ನುವುದು ಮೂರರಲ್ಲೂ ಒಂದೇ, ಹೇಗೆ ಹಂಚಿಹೋಗಿದೆ ಅನ್ನುವುದು ಬೇರೆ ಬೇರೆ.

ವರ್ಸ್ಟ್ ಫಿಟ್‌ನಲ್ಲಿ?

ಬೇಕೆಂದೇ ದೊಡ್ಡದನ್ನು ಒಡೆಯುವ ವಿಧಾನ ಇದು. ಕೇಳಲು ವಿಚಿತ್ರ. ಇದರ ಹಿಂದಿನ ಯೋಚನೆ ಏನೆಂದರೆ, ದೊಡ್ಡದರಿಂದ ಕೊಟ್ಟರೆ ಉಳಿಯುವ ಚೂರು ಕೂಡ ದೊಡ್ಡದಾಗಿರುತ್ತದೆ, ಇನ್ನೊಬ್ಬರಿಗೆ ಬಳಕೆಗೆ ಬರುತ್ತದೆ.

```
ಶುರು          90   220    60   300   130
120 ಕೊಟ್ಟ ಮೇಲೆ   90   220    60   180   130
200 ಕೊಟ್ಟ ಮೇಲೆ   90    20    60   180   130
85 ಕೊಟ್ಟ ಮೇಲೆ    90    20    60    95   130     ಒಟ್ಟು 395
210           ಜಾಗ ಇಲ್ಲ
```

85 ಬಂದಾಗ ದೊಡ್ಡ ಹೋಲ್ 180 ಅನ್ನುವುದನ್ನು ಗಮನಿಸಿ. ಪರೀಕ್ಷೆಯಲ್ಲಿ ಇಲ್ಲಿ ನಾನೂ ಒಮ್ಮೆ ಎಡವಿದ್ದೆ. ಮೊದಲು ಬರೆದ 300 ಮನಸ್ಸಿನಲ್ಲೇ ಉಳಿದು, ಅದರಿಂದ ಕಳೆದುಬಿಟ್ಟಿದ್ದೆ. ಪ್ರತಿ ಹೆಜ್ಜೆಗೂ ಹೊಸ ಸಾಲು ಬರೆಯುವುದೇ ಇದಕ್ಕೆ ಮದ್ದು.

ವರ್ಸ್ಟ್ ಫಿಟ್‌ನಲ್ಲಿ ದೊಡ್ಡ ಬೇಡಿಕೆಗೆಂದು ಕಾದಿರಿಸಬೇಕಾದ ಹೋಲ್ ಮೊದಲ ಬೇಡಿಕೆಗೇ ಬಲಿಯಾಗುತ್ತದೆ. ಎಲ್ಲ ಹೋಲ್‌ಗಳೂ ನಿಧಾನವಾಗಿ ನಡುಗಾತ್ರಕ್ಕೆ ಬರುತ್ತವೆ. ಆಮೇಲೆ ದೊಡ್ಡದು ಯಾವುದೂ ಇರುವುದಿಲ್ಲ.

ಇದನ್ನೇ ಎಕ್ಸ್‌ಟರ್ನಲ್ ಫ್ರಾಗ್ಮೆಂಟೇಶನ್ ಅನ್ನುವುದಾ?

ಹೌದು. ಒಟ್ಟು ಖಾಲಿ ಜಾಗ ಬೇಡಿಕೆಗೆ ಸಾಕು, ಆದರೆ ಒಂದೇ ಕಡೆ ಅಷ್ಟು ಇಲ್ಲ ಅನ್ನುವ ಸ್ಥಿತಿ ಅದು. ಪ್ರೊಸೆಸ್‌ಗಳ ಹೊರಗೆ, ಅವುಗಳ ನಡುನಡುವೆ ಜಾಗ ಚೂರಾಗಿರುವುದರಿಂದ ಎಕ್ಸ್‌ಟರ್ನಲ್ ಅನ್ನುವ ಹೆಸರು.

ಇನ್ನೊಂದು ಉದಾಹರಣೆ ವರ್ಸ್ಟ್ ಫಿಟ್‌ನ ಪಟ್ಟಿಯಲ್ಲೇ ಇದೆ. ಅಲ್ಲಿ ನಾಲ್ಕನೆಯ ಹೋಲ್ ಇದ್ದ ಜಾಗದೊಳಗೆ ಮೊದಲು 120ರ ಪ್ರೊಸೆಸ್, ಪಕ್ಕದಲ್ಲಿ 85ರದ್ದು, ಕೊನೆಗೆ 95 ಖಾಲಿ. ಈಗ 120ರ ಪ್ರೊಸೆಸ್ ಮುಗಿಯಿತು ಅನ್ನಿ.

```
90   20   60   120 [85] 95   130     ಒಟ್ಟು 515
```

ಖಾಲಿ 515 ಆಯಿತು, ಬೇಡಿಕೆಯ ಎರಡರಷ್ಟಕ್ಕಿಂತ ಜಾಸ್ತಿ. 120 ಮತ್ತು 95 ಕೂಡಿದರೆ 215, 210ಕ್ಕೆ ಸಾಕು. ಆದರೆ ನಡುವೆ 85 ಕೆಬಿಯ ಒಂದು ಪ್ರೊಸೆಸ್ ಗೋಡೆಯ ಹಾಗೆ ಕೂತಿದೆ. ದೊಡ್ಡ ಹೋಲ್ ಈಗಲೂ 130. 210 ಈಗಲೂ ಹೊರಗೇ.

ಇಂಟರ್ನಲ್ ಫ್ರಾಗ್ಮೆಂಟೇಶನ್ ಅಂದರೆ ಬೇರೆಯಾ?

ಬೇರೆ. ಕೊಟ್ಟ ಜಾಗದ ಒಳಗೇ ಬಳಕೆಯಾಗದೆ ಉಳಿಯುವುದು ಅದು. ನಮ್ಮ ಪಟ್ಟಿಯಲ್ಲಿ 90ರ ಹೋಲ್‌ನಿಂದ 85 ಕೊಟ್ಟಾಗ 5 ಉಳಿಯಿತು. ಆ 5ನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಅದು ಎಕ್ಸ್‌ಟರ್ನಲ್. ಇಷ್ಟು ಚಿಕ್ಕ ಚೂರಿನ ಲೆಕ್ಕ ಯಾಕೆ ಎಂದು 90ನ್ನೂ ಪ್ರೊಸೆಸ್‌ಗೇ ಕೊಟ್ಟುಬಿಟ್ಟರೆ ಅದೇ 5 ಇಂಟರ್ನಲ್ ಆಗುತ್ತದೆ. ಅಲೊಕೇಟರ್ ಅಂದರೆ ಜಾಗ ಹಂಚುವ ಪ್ರೋಗ್ರಾಮ್. ನಿಜವಾದ ಅಲೊಕೇಟರ್‌ಗಳು ಹೀಗೆ ಮಾಡುತ್ತವೆ. ಪ್ರತಿ ಹೋಲ್‌ಗೂ ಗಾತ್ರ ಮತ್ತು ಮುಂದಿನ ಹೋಲ್‌ನ ವಿಳಾಸ ಬರೆದಿಡಲು ಕೆಲವು ಬೈಟ್ ಬೇಕು. ಉಳಿದ ಚೂರು ಅದಕ್ಕೂ ಸಾಲದಷ್ಟು ಚಿಕ್ಕದಾದರೆ ಒಡೆಯದೆ ಪೂರ್ತಿ ಕೊಡುವುದೇ ಮೇಲು.

ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ. “ಪಾರ್ಟಿಷನ್‌ಗಳು ಸ್ಥಿರ” ಎಂದು ಇದ್ದರೆ ಉಳಿದ ಚೂರನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಉತ್ತರ ಪೂರ್ತಿ ಬದಲಾಗುತ್ತದೆ.

ಹಾಗಾದರೆ ಬೆಸ್ಟ್ ಫಿಟ್ ಯಾವಾಗಲೂ ಗೆಲ್ಲುತ್ತದಾ?

ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ. ಅದೇ ಐದು ಹೋಲ್, ಬೇಡಿಕೆ ಮಾತ್ರ ಬದಲಿಸೋಣ: 120, 100, 300, 130.

ಫಸ್ಟ್ ಫಿಟ್ 120ನ್ನು 220ರಲ್ಲಿ ಇಡುತ್ತದೆ, 100 ಉಳಿಯುತ್ತದೆ. ಮುಂದಿನ 100 ಅಲ್ಲೇ ಸರಿಯಾಗಿ ಕೂರುತ್ತದೆ. 300 ನಾಲ್ಕನೆಯದರಲ್ಲಿ, 130 ಐದನೆಯದರಲ್ಲಿ. ಎಲ್ಲವೂ ಮುಗಿಯಿತು.

ಬೆಸ್ಟ್ ಫಿಟ್ 120ನ್ನು 130ರಲ್ಲಿ ಇಡುತ್ತದೆ, 10 ಉಳಿಯುತ್ತದೆ. 100ಕ್ಕೆ ಸಾಕಾಗುವ ಚಿಕ್ಕದು ಈಗ 220, ಅದರಲ್ಲಿ 120 ಉಳಿಯುತ್ತದೆ. 300 ಅದರ ಜಾಗದಲ್ಲಿ ಕೂರುತ್ತದೆ. ಈಗ ಪಟ್ಟಿ 90, 120, 60, 10. ಒಟ್ಟು 280 ಇದ್ದರೂ 130ಕ್ಕೆ ಜಾಗವಿಲ್ಲ. ಮೊದಲು ಬಿಗಿಯಾಗಿ ಕೂರಿಸಿದ್ದೇ ಕೊನೆಗೆ ಬೇಕಾದ ಹೋಲ್ ಅನ್ನು ಹಾಳು ಮಾಡಿತು.

ಬೆಸ್ಟ್ ಫಿಟ್‌ನ ಗುಣವೇ ಇದು: 5, 10, 20ರಂಥ ಯಾರಿಗೂ ಬೇಡದ ಚೂರುಗಳನ್ನು ಬಿಡುತ್ತಾ ಹೋಗುತ್ತದೆ.

ವರ್ಸ್ಟ್ ಫಿಟ್ ಗೆಲ್ಲುವ ಸಂದರ್ಭವೂ ಉಂಟು. ಹೋಲ್‌ಗಳು 60, 100. ಬೇಡಿಕೆ 50, 60, 50. ಉಳಿದ ಎರಡೂ ಮೊದಲ 50ನ್ನು 60ರಲ್ಲಿ ಇಟ್ಟು, ಆಮೇಲೆ 60ನ್ನು 100ರಲ್ಲಿ ಇಟ್ಟು, 10 ಮತ್ತು 40 ಕೈಯಲ್ಲಿ ಹಿಡಿದು ಸೋಲುತ್ತವೆ. ವರ್ಸ್ಟ್ ಫಿಟ್ ಮೊದಲ 50ನ್ನು 100ರಿಂದ ಕೊಟ್ಟು 60, 50 ಉಳಿಸಿಕೊಂಡು ಮೂರನ್ನೂ ಕೂರಿಸುತ್ತದೆ. ಆದರೂ ಸಿಮ್ಯುಲೇಶನ್‌ಗಳಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುವುದು ವರ್ಸ್ಟ್ ಫಿಟ್ಟೇ. ಫಸ್ಟ್ ಮತ್ತು ಬೆಸ್ಟ್ ನಡುವೆ ಜಾಗದ ವಿಷಯದಲ್ಲಿ ಸ್ಪಷ್ಟ ವಿಜೇತ ಇಲ್ಲ. ನನ್ನನ್ನು ಕೇಳಿದರೆ, ಬೇರೆ ಕಾರಣ ಇಲ್ಲದಿದ್ದರೆ ಫಸ್ಟ್ ಫಿಟ್‌ನಿಂದ ಶುರು ಮಾಡಿ ಅನ್ನುತ್ತೇನೆ.

ದೊಡ್ಡ ಬೇಡಿಕೆಗಳನ್ನು ಮೊದಲು ಕೂರಿಸಿದರೆ ಆಗದಾ?

ಆಗುತ್ತದೆ. ಮೊದಲಿನ ನಾಲ್ಕನ್ನೇ 210, 200, 120, 85 ಎಂಬ ಕ್ರಮದಲ್ಲಿ ಫಸ್ಟ್ ಫಿಟ್‌ಗೆ ಕೊಡಿ. 210 ಎರಡನೆಯದರಲ್ಲಿ, 200 ನಾಲ್ಕನೆಯದರಲ್ಲಿ, 120 ಐದನೆಯದರಲ್ಲಿ, 85 ಮೊದಲನೆಯದರಲ್ಲಿ. ಸೋತಿದ್ದ ವಿಧಾನವೇ ಈಗ ಗೆದ್ದಿತು. ತೊಂದರೆ ಏನೆಂದರೆ, ಮುಂದೆ ಏನು ಬರುತ್ತದೆ ಎಂದು ಅಲೊಕೇಟರ್‌ಗೆ ಗೊತ್ತಿರುವುದಿಲ್ಲ. ಬಂದದ್ದಕ್ಕೆ ಆಗಲೇ ಜಾಗ ಕೊಡಬೇಕು, ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವ ಹಾಗಿಲ್ಲ.

ಪ್ರೊಸೆಸ್ ಮುಗಿದಾಗ ಹೋಲ್‌ಗಳು ತಾವಾಗಿ ಸೇರಿಕೊಳ್ಳುತ್ತವಾ?

ತಾವಾಗಿ ಅಲ್ಲ, ಸೇರಿಸಬೇಕು. ಇದಕ್ಕೆ ಕೋಅಲೆಸಿಂಗ್ ಅನ್ನುತ್ತಾರೆ. ಯಾವ ಫಿಟ್ ಅನ್ನುವ ಚರ್ಚೆಗಿಂತ ಇದು ದೊಡ್ಡ ವಿಷಯ ಅನ್ನುವುದು ನನ್ನ ಅಭಿಪ್ರಾಯ.

ಫಸ್ಟ್ ಫಿಟ್ ಸೋತ ಪಟ್ಟಿಗೆ ಹಿಂತಿರುಗಿ: 5, 100, 60, 100, 130. ಇದರಲ್ಲಿ ಮೊದಲ 100, 120ರ ಪ್ರೊಸೆಸ್‌ನ ಪಕ್ಕದಲ್ಲೇ ಇದೆ. ಆ ಪ್ರೊಸೆಸ್ ಮುಗಿಯಿತು. ಅಲೊಕೇಟರ್ ಅಕ್ಕಪಕ್ಕ ನೋಡಿ 120ನ್ನೂ 100ನ್ನೂ ಒಂದು ಮಾಡಿದರೆ 220ರ ಹೋಲ್ ಮತ್ತೆ ಸಿಗುತ್ತದೆ, 210 ಕೂರುತ್ತದೆ. ಸುಮ್ನೆ 120 ಅನ್ನುವ ಹೊಸ ನಮೂದನ್ನು ಪಟ್ಟಿಗೆ ಸೇರಿಸಿ ಬಿಟ್ಟರೆ? ಎರಡು ಹೋಲ್ ಒಂದಕ್ಕೊಂದು ಅಂಟಿಕೊಂಡಿದ್ದರೂ ಪಟ್ಟಿಯಲ್ಲಿ ಬೇರೆ ಬೇರೆ. 210ಕ್ಕೆ ಮತ್ತೆ ಇಲ್ಲ ಎಂಬ ಉತ್ತರ. ಮಧ್ಯದಲ್ಲಿ ಗೋಡೆಯೇ ಇಲ್ಲದ ಕಡೆ ಗೋಡೆ ಇದೆ ಅಂದುಕೊಂಡ ಹಾಗೆ.

ಫ್ರೀಆರ್‌ಟಿಒಎಸ್ ಬಳಸಿದವರಿಗೆ ಇದು ಕೈಗೆ ಸಿಗುವ ಉದಾಹರಣೆ. ಮೈಕ್ರೋಕಂಟ್ರೋಲರ್‌ಗಳಿಗೆಂದೇ ಮಾಡಿದ ಚಿಕ್ಕ ಆಪರೇಟಿಂಗ್ ಸಿಸ್ಟಮ್ ಅದು. ಅದರ ಅಲೊಕೇಟರ್‌ಗಳಲ್ಲಿ `heap_2` ಬೆಸ್ಟ್ ಫಿಟ್, ಆದರೆ ಪಕ್ಕದ ಹೋಲ್‌ಗಳನ್ನು ಸೇರಿಸುವುದಿಲ್ಲ. `heap_4` ಫಸ್ಟ್ ಫಿಟ್, ಸೇರಿಸುತ್ತದೆ. ಬೇರೆ ಬೇರೆ ಗಾತ್ರದ ಜಾಗವನ್ನು ಪಡೆದು ಬಿಡುವ ಪ್ರೋಗ್ರಾಮ್‌ಗೆ ಸರಿಯಾದದ್ದು `heap_4`. ಯಾವಾಗಲೂ ಒಂದೇ ಗಾತ್ರ ಕೇಳುವುದಾದರೆ `heap_2` ಕೂಡ ನಡೆಯುತ್ತದೆ, ಏಕೆಂದರೆ ಬಿಟ್ಟ ಹೋಲ್ ಮುಂದಿನ ಬೇಡಿಕೆಗೆ ಸರಿಯಾಗಿ ಹೊಂದುತ್ತದೆ.

ವೇಗದಲ್ಲಿ ಯಾವುದು ಮೇಲು?

ಫಸ್ಟ್ ಫಿಟ್ ಸಿಕ್ಕಲ್ಲಿ ನಿಲ್ಲುತ್ತದೆ, ಉಳಿದೆರಡು ಪೂರ್ತಿ ಹುಡುಕುತ್ತವೆ. ಪಟ್ಟಿಯನ್ನು ಗಾತ್ರದ ಕ್ರಮದಲ್ಲಿ ಇಟ್ಟರೆ ಹುಡುಕಾಟ ಕಡಿಮೆಯಾಗುತ್ತದೆ ನಿಜ. ವರ್ಸ್ಟ್ ಫಿಟ್‌ಗಂತೂ ತುದಿಯದ್ದೊಂದನ್ನು ನೋಡಿದರೆ ಸಾಕು. ಆದರೆ ಆಗ ಇನ್ನೊಂದು ಕಡೆ ಬೆಲೆ ಕಟ್ಟಬೇಕು. ಮೆಮೊರಿಯಲ್ಲಿ ಪಕ್ಕಪಕ್ಕ ಇರುವ ಹೋಲ್‌ಗಳು ಪಟ್ಟಿಯಲ್ಲಿ ಪಕ್ಕಪಕ್ಕ ಇರುವುದಿಲ್ಲ. ಕೋಅಲೆಸಿಂಗ್‌ಗೆ ನೆರೆಯವರನ್ನು ಹುಡುಕುವುದು ಕಷ್ಟವಾಗುತ್ತದೆ. ಅದಕ್ಕೇ ಪ್ರತಿ ಬ್ಲಾಕ್‌ನ ಎರಡೂ ತುದಿಯಲ್ಲಿ ಗಾತ್ರ ಮತ್ತು ಖಾಲಿಯೋ ಅಲ್ಲವೋ ಎಂದು ಬರೆದಿಡುವ ಉಪಾಯವಿದೆ. ಬೌಂಡರಿ ಟ್ಯಾಗ್ ಎಂದು ಅದರ ಹೆಸರು. ಆಗ ಪಟ್ಟಿ ಹುಡುಕದೆ, ಪಕ್ಕದ ಟ್ಯಾಗ್ ಓದಿದರೆ ಸಾಕು.

ಶೇಕಡಾ 50ರ ನಿಯಮ ಅಂದರೆ ಏನು?

ಡೊನಾಲ್ಡ್ ಕ್ನೂತ್ ತೋರಿಸಿದ್ದು. ಸಿಸ್ಟಮ್ ಸಾಕಷ್ಟು ಹೊತ್ತು ಓಡಿ ಒಂದು ಹದಕ್ಕೆ ಬಂದ ಮೇಲೆ, ಬಳಕೆಯಲ್ಲಿರುವ ಬ್ಲಾಕ್‌ಗಳು N ಇದ್ದರೆ ಹೋಲ್‌ಗಳು ಸುಮಾರು N/2 ಇರುತ್ತವೆ.

ಕಾರಣ ಸರಳ. ಜಾಗ ಕೊಡುವಾಗ ಸಾಮಾನ್ಯವಾಗಿ ಚೂರು ಉಳಿಯುತ್ತದೆ, ಹಾಗಾಗಿ ಹೋಲ್‌ಗಳ ಸಂಖ್ಯೆ ಬದಲಾಗುವುದಿಲ್ಲ. ಬ್ಲಾಕ್ ಬಿಡುಗಡೆಯಾದಾಗ ಎರಡೂ ಪಕ್ಕ ಬ್ಲಾಕ್ ಇದ್ದರೆ ಒಂದು ಹೋಲ್ ಹೆಚ್ಚುತ್ತದೆ. ಎರಡೂ ಪಕ್ಕ ಹೋಲ್ ಇದ್ದರೆ ಮೂರೂ ಸೇರಿ ಒಂದು ಕಡಿಮೆಯಾಗುತ್ತದೆ. ಒಂದು ಪಕ್ಕ ಮಾತ್ರ ಹೋಲ್ ಇದ್ದರೆ ಸಂಖ್ಯೆ ಅಷ್ಟೇ ಉಳಿಯುತ್ತದೆ. ಸಂಖ್ಯೆ ಸ್ಥಿರವಾಗಿರಬೇಕಾದರೆ ಹೆಚ್ಚುವುದೂ ಕಡಿಮೆಯಾಗುವುದೂ ಸಮವಾಗಿರಬೇಕು. ಅಂದರೆ ಸರಾಸರಿಯಾಗಿ ಪ್ರತಿ ಬ್ಲಾಕ್‌ಗೆ ಒಂದು ಪಕ್ಕ ಹೋಲ್. ಪ್ರತಿ ಹೋಲ್‌ಗೆ ಎರಡೂ ಪಕ್ಕ ಬ್ಲಾಕ್. ಆದ್ದರಿಂದ ಹೋಲ್‌ಗಳು ಬ್ಲಾಕ್‌ಗಳ ಅರ್ಧ. ಹೋಲ್‌ನ ಸರಾಸರಿ ಗಾತ್ರವೂ ಬ್ಲಾಕ್‌ನಷ್ಟೇ ಇದ್ದರೆ ಮೆಮೊರಿಯ ಮೂರನೇ ಒಂದು ಭಾಗ ಹೋಲ್‌ಗಳಲ್ಲಿ ಸಿಕ್ಕಿಕೊಂಡಿದೆ ಎಂದಾಯಿತು. “ಮೂರನೇ ಒಂದು ಭಾಗ ವ್ಯರ್ಥ” ಎಂದು ಕೇಳಿರುತ್ತೀರಿ. ಅದಕ್ಕೆ ಈ “ಇದ್ದರೆ” ಅಂಟಿಕೊಂಡಿದೆ ಅನ್ನುವುದನ್ನು ಮರೆಯಬೇಡಿ.

ಎಲ್ಲವನ್ನೂ ಒಂದು ಕಡೆಗೆ ಸರಿಸಿ ದೊಡ್ಡ ಹೋಲ್ ಮಾಡಬಾರದಾ?

ಮಾಡಬಹುದು. ಇದು ಕಾಂಪ್ಯಾಕ್ಷನ್. ಫಸ್ಟ್ ಫಿಟ್ ಸೋತ ಪಟ್ಟಿಯಲ್ಲಿ ಎಲ್ಲ ಪ್ರೊಸೆಸ್‌ಗಳನ್ನು ಒತ್ತಿ ಕೂರಿಸಿದರೆ 395ರ ಒಂದೇ ಹೋಲ್ ಸಿಗುತ್ತದೆ. ಆದರೆ ಓಡುತ್ತಿರುವ ಪ್ರೊಸೆಸ್‌ಗಳನ್ನು ನಿಲ್ಲಿಸಿ ಬೈಟ್ ಬೈಟ್ ನಕಲು ಮಾಡಬೇಕು. ಸರಿಸಿದ ಮೇಲೂ ವಿಳಾಸಗಳು ಸರಿ ಇರಬೇಕು. ಪ್ರೊಸೆಸ್ ಶುರುವಾಗುವ ವಿಳಾಸವನ್ನು ಹಿಡಿದಿಡುವ ಬೇಸ್ ರಿಜಿಸ್ಟರ್ ಇದ್ದರೆ ಅದನ್ನು ಬದಲಿಸಿದರೆ ಆಯಿತು. ಸಿ ಪ್ರೋಗ್ರಾಮ್‌ನಲ್ಲಿ `malloc` ಕೊಟ್ಟ ಜಾಗಕ್ಕೆ ಈ ದಾರಿಯಿಲ್ಲ. ಪಾಯಿಂಟರ್ ಎಲ್ಲೆಲ್ಲಿ ನಕಲಾಗಿದೆ ಎಂದು ಅಲೊಕೇಟರ್‌ಗೆ ಗೊತ್ತಿಲ್ಲ, ಆದ್ದರಿಂದ ಬ್ಲಾಕ್ ಸರಿಸುವ ಹಾಗಿಲ್ಲ.

ಪೇಜಿಂಗ್ ಬಂದ ಮೇಲೆ ಇದೆಲ್ಲ ಹಳೆಯದಾಯಿತಲ್ಲ?

ಪ್ರೊಸೆಸ್‌ಗೆ ಮೆಮೊರಿ ಕೊಡುವ ಮಟ್ಟದಲ್ಲಿ ಬಹುಮಟ್ಟಿಗೆ ಹೌದು. ಪೇಜ್‌ಗಳೆಲ್ಲ ಒಂದೇ ಗಾತ್ರ, ಪಕ್ಕಪಕ್ಕ ಇರಬೇಕಾಗಿಲ್ಲ, ಹಾಗಾಗಿ ಚದುರಿದ 395ರಲ್ಲಿ 210 ಸಲೀಸಾಗಿ ಕೂರುತ್ತದೆ. ಆದರೆ ಪ್ರೊಸೆಸ್‌ನ ಒಳಗಿನ ಹೀಪ್‌ನಲ್ಲಿ, ಪೇಜಿಂಗ್ ಇಲ್ಲದ ಚಿಕ್ಕ ಮೈಕ್ರೋಕಂಟ್ರೋಲರ್‌ಗಳಲ್ಲಿ ಸಮಸ್ಯೆ ಹಾಗೇ ಇದೆ.

ನನ್ನ ಪ್ರೋಗ್ರಾಮ್‌ಗೆ ಇದೇ ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಒಟ್ಟು ಖಾಲಿ ಜಾಗವನ್ನು ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. ಅದರ ಜೊತೆಗೆ ಅತಿ ದೊಡ್ಡ ಹೋಲ್ ಎಷ್ಟು ಎಂದು ನೋಡಬೇಕು. ಒಂದು ಸುಲಭ ಅಳತೆ ಇದು:

```
1 - (ಅತಿ ದೊಡ್ಡ ಹೋಲ್ / ಒಟ್ಟು ಖಾಲಿ)
```

ಎಲ್ಲ ಖಾಲಿ ಜಾಗವೂ ಒಂದೇ ಹೋಲ್ ಆಗಿದ್ದರೆ ಇದು 0. ಮೂರು ಬೇಡಿಕೆ ಮುಗಿದ ಹೊತ್ತಿಗೆ ಫಸ್ಟ್ ಫಿಟ್ ಮತ್ತು ವರ್ಸ್ಟ್ ಫಿಟ್ ಎರಡರಲ್ಲೂ 1 - 130/395, ಸುಮಾರು 0.67. ಬೆಸ್ಟ್ ಫಿಟ್‌ನಲ್ಲಿ 1 - 300/395, ಸುಮಾರು 0.24.

ಫ್ರೀಆರ್‌ಟಿಒಎಸ್‌ನಲ್ಲಿ `heap_4` ಬಳಸುತ್ತಿದ್ದು `vPortGetHeapStats()` ಕರೆದರೆ `xAvailableHeapSpaceInBytes` ಮತ್ತು `xSizeOfLargestFreeBlockInBytes` ಎರಡೂ ಒಟ್ಟಿಗೆ ಸಿಗುತ್ತವೆ. ಇವನ್ನು ಆಗಾಗ ಲಾಗ್ ಮಾಡಿ. ಎರಡೂ ಒಟ್ಟಿಗೆ ಇಳಿಯುತ್ತಾ ಹೋದರೆ ಪಡೆದ ಜಾಗವನ್ನು ಎಲ್ಲೋ ಬಿಡುತ್ತಿಲ್ಲ, ಅಂದರೆ ಲೀಕ್ ಇರುವ ಸಾಧ್ಯತೆ ಹೆಚ್ಚು. ಒಟ್ಟು ಖಾಲಿ ಸ್ಥಿರವಾಗಿದ್ದು ದೊಡ್ಡ ಬ್ಲಾಕ್ ಮಾತ್ರ ಕುಗ್ಗುತ್ತಿದ್ದರೆ ಅದು ಫ್ರಾಗ್ಮೆಂಟೇಶನ್. ಆಗ ಲೀಕ್ ಹುಡುಕಿ ದಿನ ಕಳೆಯಬೇಡಿ. ಹೆಚ್ಚು ಹೊತ್ತು ಬದುಕುವ ಚಿಕ್ಕ ಬ್ಲಾಕ್‌ಗಳನ್ನು, ಅಂದರೆ ನಮ್ಮ ಪಟ್ಟಿಯ ಆ 85ರಂಥವನ್ನು, ಪ್ರೋಗ್ರಾಮ್ ಶುರುವಾದ ಕೂಡಲೇ ಒಂದು ಬದಿಗೆ ಪಡೆದುಕೊಳ್ಳುವ ಹಾಗೆ ಬದಲಿಸಿ, ಅದೇ ಲಾಗ್ ಅನ್ನು ಮತ್ತೊಮ್ಮೆ ನೋಡಿ.